ಬೆನ್ನಿಗೆ ಬೆನ್ನು ಕೊಟ್ಟ ಗೂಡುಗಳು

ಬಸವಕಲ್ಯಾಣದ ಆ ಮೂರಂತಸ್ತಿನ ಕಟ್ಟಡದಲ್ಲಿ ಕಿವಿ ಇರುವವರು ಬಹಳ, ಬುದ್ಧಿ ಇರುವವರು ಕಡಿಮೆ ಎಂಬುದು ಕಾಂತಾಬಾಯಿಯ ತೀರ್ಮಾನ. ಅದರಲ್ಲೂ ಪಕ್ಕದ ಮನೆಯ ಚನ್ನಬಸಪ್ಪನವರಿಗೆ ದೇವರು ಕಿವಿಯನ್ನು ಧಾರಾಳವಾಗಿ ಕೊಟ್ಟು, ಉಳಿದದ್ದಕ್ಕೆ ಕೈ ಬಿಗಿಹಿಡಿದಿದ್ದ. ಅವರು ಸರಕಾರಿ ಕಚೇರಿಯ ಗುಮಾಸ್ತರಾಗಿ ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲ; ಈಗ ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದರು.

ಕಾಂತಾಬಾಯಿಯದು ಹೊಲಿಗೆಯ ಕಸುಬು. ಕುಪ್ಪಸ, ಶಾಲೆಯ ಸಮವಸ್ತ್ರ, ಸೀರೆಯ ಅಂಚು. ನಡುಮನೆಯಲ್ಲಿ ಮೋಟಾರಿನ ಹೊಲಿಗೆಯಂತ್ರ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಹೊಲಿಯುತ್ತಿದ್ದಳು. ಗಂಡ ಹೋದ ಮೇಲೆ ಮನೆಯ ಒಲೆ ಉರಿದದ್ದೇ ಆ ಯಂತ್ರದಿಂದ. ಅದರ ಸದ್ದಿನಿಂದ ತಮ್ಮ ತಲೆ ಹಾಳಾಗಿದೆ ಎಂದು ಚನ್ನಬಸಪ್ಪನವರು ಕಟ್ಟಡದ ಸಮಿತಿಗೆ ದೂರು ಕೊಟ್ಟರು. ಸಮಿತಿಯ ಅಧ್ಯಕ್ಷ ನರಸಿಂಗ, ಕೆಳಗೆ ಔಷಧದ ಅಂಗಡಿ ಇಟ್ಟವನು, ಎರಡು ಕಡೆಯೂ ತಲೆ ಆಡಿಸುವ ಮನುಷ್ಯ. ಮುಂದಿನ ಸಭೆಯಷ್ಟರಲ್ಲಿ ಸದ್ದು ನಿಲ್ಲದಿದ್ದರೆ ಯಂತ್ರವನ್ನು ಮನೆಯಿಂದ ಹೊರಗೆ ಒಯ್ಯಬೇಕು ಎಂದು ಹೇಳಿ ಹೋದ. ಹೊರಗೆ ಎಂದರೆ ಎಲ್ಲಿಗೆ ಎಂಬುದನ್ನು ಅವನು ಹೇಳಲಿಲ್ಲ. ಅಂಥವರು ಹೇಳುವುದೂ ಇಲ್ಲ.

ಕಾಂತಾಬಾಯಿ ಮೊದಲು ಹುಮನಾಬಾದಿಗೆ ಹೋಗಿ ಕಟ್ಟಡ ಕಟ್ಟಿಸಿದ ಅಂಬರೀಷನನ್ನು ಹಿಡಿದಳು. ಅವನಿಗೀಗ ಮನೆ ಕಟ್ಟುವುದಕ್ಕಿಂತ ಮನೆ ಸಿಂಗರಿಸುವುದರಲ್ಲಿ ಹೆಚ್ಚು ಲಾಭ ಕಂಡಿತ್ತು. ಬಸ್ ನಿಲ್ದಾಣದ ಹತ್ತಿರ ಪರದೆ, ಗೋಡೆಕಾಗದದ ಅಂಗಡಿ ಹಾಕಿದ್ದ. ಅವಳ ಮಾತನ್ನು ಅರ್ಧಕ್ಕೇ ತಡೆದು, ತನ್ನಲ್ಲಿ ಸದ್ದು ತಿನ್ನುವ ಸ್ಪಂಜು ಇದೆ, ಸಿನಿಮಾ ಥೇಟರಿಗೂ ಅದನ್ನೇ ಹಚ್ಚುತ್ತಾರೆ ಎಂದು ಹೇಳಿದ. ಮಾರನೆಯ ದಿನ ಅವನ ಕೈಯಾಳು ಬಂದು, ತತ್ತಿಯ ಟ್ರೇಯಂತೆ ಉಬ್ಬುತಗ್ಗಿದ್ದ ಕಪ್ಪು ಸ್ಪಂಜನ್ನು ಗೋಡೆಯ ತುಂಬ ಅಂಟಿಸಿದ. ಮನೆ ಕರಡಿಯ ಹೊಟ್ಟೆಯೊಳಗಿನಂತೆ ಕಂಡಿತು. ಮಾತಾಡಿದರೆ ತನ್ನ ದನಿ ತನಗೇ ಸಪ್ಪೆ ಅನ್ನಿಸುತ್ತಿತ್ತು. ಆದರೆ ಅವಳು ಯಂತ್ರ ತುಳಿದ ಕೂಡಲೇ ಆಚೆಯಿಂದ ಚನ್ನಬಸಪ್ಪನವರ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ, ದೂರು. ಅವರ ಕೆಮ್ಮಿನಲ್ಲಿರುವ ವ್ಯಾಕರಣವನ್ನೆಲ್ಲ ಅವಳು ಕಲಿತಿದ್ದಳು.

ಸ್ಪಂಜು ಸಾಲದೆಂದು ನೆಲಕ್ಕೊಂದು ಜಮಖಾನೆ ಹಾಸಿದಳು. ಅದೂ ಅಷ್ಟಕ್ಕಷ್ಟೇ. ಜಮಖಾನೆಯ ಮೇಲಿನ ನೂಲಿನ ಚೂರು ಆರಿಸುವ ಕೆಲಸ ಮಾತ್ರ ಹೆಚ್ಚಾಯಿತು.

ಅವಳ ಅಣ್ಣನ ಮಗಳು ಆಮ್ರಪಾಲಿ ಹುಮನಾಬಾದಿನಲ್ಲಿ ಕಟ್ಟಡದ ಎಂಜಿನಿಯರು. ಭಾನುವಾರ ಅತ್ತೆಯ ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಸ್ಪಂಜನ್ನು ನೋಡಿ ನಗು ತಡೆದುಕೊಂಡಳು.

"ಅತ್ತಿ, ಇದನ್ನ ಯಾರ ಮಾತ ಕೇಳಿ ಹಚ್ಚಿಸಿದಿ?"

"ನಿಮ್ಮಂಥವರ ಮಾತೇ ಕೇಳಿ. ಕಲ್ತವರು ಅಂದ್ರ ನಂಬಬೇಕಲ್ಲ."

"ಇದು ಕೋಣಿಯೊಳಗಿನ ಗುಂಯ್ ಅನ್ನೋದು ಕಡಿಮಿ ಮಾಡ್ತದ ಅಷ್ಟ. ಗೋಡಿ ದಾಟೋ ಸದ್ದ ಇದರಿಂದ ನಿಲ್ಲಂಗಿಲ್ಲ. ಸದ್ದ ತಡೀಬೇಕಂದ್ರ ಗೋಡಿಗಿ ತೂಕ ಬೇಕು, ಸಂದಿ ಇರಬಾರದು. ಸ್ಪಂಜಿಗಿ ತೂಕ ಎಲ್ಲದ?"

"ಹಾಂಗಾದ್ರ ಅಂಬರೀಷನ ಮಾತಿಗಿದ್ದಷ್ಟ ತೂಕ ಇದಕ್ಕೂ ಅದ ಅನ್ನು," ಎಂದು ಕಾಂತಾಬಾಯಿ ಚಹಾಕ್ಕಿಟ್ಟಳು.

ಆಮ್ರಪಾಲಿ ಚಹಾ ಕುಡಿದು ಪಕ್ಕದ ಮನೆಯ ಬಾಗಿಲು ಬಡಿದಳು. ಅತ್ತೆ ಹೊಲಿಯುತ್ತಿರಲಿ, ತಾನು ಈ ಕಡೆ ನಿಂತು ಕೇಳುತ್ತೇನೆ ಎಂದು ಅಪ್ಪಣೆ ಕೇಳಿದಳು. ತಮ್ಮ ಸಂಕಟಕ್ಕೆ ಕೊನೆಗೂ ಒಂದು ಸಾಕ್ಷಿ ಸಿಕ್ಕಿತೆಂದು ಚನ್ನಬಸಪ್ಪನವರು ಹಿಗ್ಗಿ ಕುರ್ಚಿ ಹಾಕಿಸಿದರು.

ಅವಳು ಕೂರಲಿಲ್ಲ. ಸದ್ದು ಎರಡು ಬಗೆಯದಿತ್ತು. ಒಂದು, ನೆಲದಿಂದ ಅಂಗಾಲಿಗೆ ಏರುವ ಗಡಗಡ. ಇನ್ನೊಂದು, ಗಾಳಿಯಲ್ಲೇ ಬರುವ ಮೋಟಾರಿನ ಗುಂಯ್; ಅದರ ಜೊತೆ ಕಾಂತಾಬಾಯಿ ಯಂತ್ರದ ಮುಂದೆ ಕೂತು ಚನ್ನಬಸಪ್ಪನವರ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತೂ ಚೊಕ್ಕವಾಗಿ ಕೇಳುತ್ತಿತ್ತು. ಆಮ್ರಪಾಲಿ ಗಾಬರಿಯಾಗಿ ಈಚೆ ಓಡಿಬಂದಳು.

ಗಡಗಡಕ್ಕೆ ಕಾರಣ ಬೇಗ ಸಿಕ್ಕಿತು. ಯಂತ್ರದ ಕಬ್ಬಿಣದ ಕಾಲುಗಳು ತೆಳು ಜಮಖಾನೆಯ ಕೆಳಗಿನ ಟೈಲ್ಸನ್ನು ಒತ್ತಿ ನಿಂತಿದ್ದವು. ಟೈಲ್ಸು ಸ್ಲ್ಯಾಬಿಗೆ ಅಂಟಿತ್ತು. ಸ್ಲ್ಯಾಬು ಎರಡೂ ಮನೆಗೆ ಒಂದೇ. ಮೇಲಾಗಿ ಯಂತ್ರದ ಮೇಜು ಗೋಡೆಗೆ ತಾಗಿತ್ತು. ಅಂದರೆ ಯಂತ್ರ ಕುಣಿದರೆ ಇಡೀ ಕಟ್ಟಡವೇ ಅದರ ತಾಳಕ್ಕೆ ಕುಣಿಯಬೇಕು. ಇದಕ್ಕೆ ಗೋಡೆಗೆ ಏನು ಹಚ್ಚಿದರೂ ವ್ಯರ್ಥ, ಕಾಲ ಕೆಳಗೇ ಮೆತ್ತಗಿನದು ಬೇಕು ಎಂದು ಆಮ್ರಪಾಲಿ ಹೇಳಿದಳು. ಹುಮನಾಬಾದಿನಲ್ಲಿ ಎಮ್ಮೆಯ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರಿನ ಚಾಪೆ ಸಿಗುತ್ತದೆ. ಮುಂದಿನ ಸಲ ಬರುವಾಗ ಅದನ್ನೇ ತಂದಳು. ನಾಲ್ಕು ಕಾಲಿನ ಕೆಳಗೆ ಅದರ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಮೇಜನ್ನು ಗೋಡೆಯಿಂದ ಅಂಗೈಯಗಲ ಸರಿಸಿದಳು. ಎಮ್ಮೆಗೆ ಸಿಗುವ ಮರ್ಯಾದೆ ಕಡೆಗೂ ತನ್ನ ಯಂತ್ರಕ್ಕೆ ಸಿಕ್ಕಿತು ಎಂದಳು ಕಾಂತಾಬಾಯಿ. ಗಡಗಡ ನಿಂತಿತು.

ಗುಂಯ್ ಮಾತ್ರ ನಿಲ್ಲಲಿಲ್ಲ.

ಆಮ್ರಪಾಲಿ ಚನ್ನಬಸಪ್ಪನವರ ಗೋಡೆಯುದ್ದಕ್ಕೂ ಕಿವಿಯಿಟ್ಟು ನಡೆದಳು. ಗೋಡೆ ಒಂಬತ್ತಿಂಚಿನ ಗಟ್ಟಿ ಇಟ್ಟಿಗೆಯದು. ಹೆಚ್ಚಿನ ಕಡೆ ಸದ್ದು ಮಂದವಾಗಿತ್ತು. ಅವರ ದೇವರ ಗೂಡಿನ ಮುಂದೆ ಬಂದಾಗ ಮಾತ್ರ ಕಾಂತಾಬಾಯಿ ಎದುರಿಗೇ ಕೂತು ಹೊಲಿದಂತೆ ಕೇಳಿಸಿತು.

ಈ ಗೂಡುಗಳ ಕತೆ ಹೀಗಿದೆ. ಮನೆ ಮಾರುವಾಗ ಅಂಬರೀಷ ಎಲ್ಲರಿಗೂ ಗೋಡೆಯಲ್ಲೇ ಗೂಡು ಮಾಡಿಕೊಡುತ್ತೇನೆ, ನಮ್ಮ ಹಳೆಯ ಮನೆಗಳಲ್ಲಿ ಇರುವಂತೆಯೇ, ಎಂದು ಹೇಳಿ ಮನ ಗೆದ್ದಿದ್ದ. ಹಳೆಯ ಮನೆಯ ಗೋಡೆ ಒಂದಾಳು ಅಡ್ಡ ಮಲಗುವಷ್ಟು ದಪ್ಪ. ಆಚೆ ಕಡೆ ಇರುವುದೂ ತನ್ನದೇ ಇನ್ನೊಂದು ಕೋಣೆ. ಇಲ್ಲಿ ಆಚೆ ಕಡೆ ಪರರ ಮನೆ. ಕನ್ನಡಿಯ ಪ್ರತಿಬಿಂಬದಂತಿದ್ದ ಎರಡು ಮನೆಗಳವರೂ ಗೂಡು ಆಳವಾಗಿರಲಿ ಎಂದರು, ನಡುಮನೆಯ ಮಧ್ಯಕ್ಕೇ ಬರಲಿ ಎಂದರು. ಗೋಡೆ ಎಬ್ಬಿಸುವವರು ಇಬ್ಬರನ್ನೂ ಮೆಚ್ಚಿಸಿದರು. ಕಾಂತಾಬಾಯಿಯ ಗೂಡಿನಲ್ಲಿ ಬುದ್ಧ, ಅದರ ಬೆನ್ನಿಗೆ ಚನ್ನಬಸಪ್ಪನವರ ಗೂಡಿನಲ್ಲಿ ಬಸವಣ್ಣ, ನಡುವೆ ಒಂದೇ ಒಂದು ತೆಳ್ಳನೆಯ ಶಹಾಬಾದ ಕಲ್ಲು. ಅದರಲ್ಲೂ ಮಿಣಮಿಣ ದೀಪದ ವೈರು ಎಳೆಯಲು ತೂತು ಕೊರೆದು ಹಾಗೇ ಬಿಟ್ಟಿದ್ದರು.

ಆಮ್ರಪಾಲಿ ತನ್ನ ಅನುಮಾನ ಖಚಿತ ಮಾಡಿಕೊಳ್ಳಲು ಅತ್ತೆಯ ಗೂಡಿನಲ್ಲಿ ಊದುಬತ್ತಿ ಹಚ್ಚಿ, ಫ್ಯಾನು ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಆಚೆ ಮನೆಯ ಬಸವಣ್ಣನ ಚಿತ್ರದ ಹಿಂದಿನಿಂದ ಹೊಗೆಯ ಎಳೆ ಹೊರಬಂತು. ಗಾಳಿ ದಾಟಿದಲ್ಲಿ ಸದ್ದು ದಾಟುತ್ತದೆ, ಎಷ್ಟು ದಪ್ಪನೆಯ ಗೋಡೆಯನ್ನಾದರೂ ಬೆರಳಷ್ಟು ಸಂದಿ ದಂಡ ಮಾಡುತ್ತದೆ ಎಂದು ಅವಳು ಚನ್ನಬಸಪ್ಪನವರಿಗೆ ತಿಳಿಸಿ ಹೇಳಿದಳು. ಅವರು ಅದಾವುದನ್ನೂ ಕೇಳಲಿಲ್ಲ. ಹೊಗೆಯನ್ನೇ ನೋಡುತ್ತಿದ್ದರು.

"ಅಂದ್ರ ಇಷ್ಟು ದಿನ ಇವರ ಮನಿ ಧೂಪ ನಮ್ಮ ದೇವರಿಗಿ ಬರಾಕತ್ತಿತ್ತೇನು?" ಎಂದರು.

ಬಾಗಿಲಲ್ಲಿ ಬಂದು ನಿಂತಿದ್ದ ಕಾಂತಾಬಾಯಿಗೆ ಆ 'ಇವರ ಮನಿ' ಎಂಬುದರ ತೂಕ ಗೊತ್ತಿತ್ತು. ಅವಳು ದನಿ ಏರಿಸಲಿಲ್ಲ.

"ಬಸವಣ್ಣನವರಿಗಿ ಅಡ್ಡಿ ಇರಂಗಿಲ್ಲ ಬಿಡ್ರಿ, ಕಾಕಾ. ಅಡ್ಡಿ ಇರೋದು ನಿಮಗ."

ಚನ್ನಬಸಪ್ಪನವರ ಹೆಂಡತಿ ಜಗದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಎರಡೂ ಗೂಡು ಮುಚ್ಚಿದರೆ ಗೋಡೆ ಎಲ್ಲ ಕಡೆ ಒಂದೇ ದಪ್ಪವಾಗುತ್ತದೆ ಎಂದು ಆಮ್ರಪಾಲಿ ಹೇಳಿದಳು. ಚನ್ನಬಸಪ್ಪನವರು ತಮ್ಮ ಗೂಡಿಗೆ ಕೈ ಹಚ್ಚಗೊಡಲಿಲ್ಲ. ದೇವರ ಜಾಗ ಕದಲಿಸಬಾರದಂತೆ, ಕದಲಬೇಕಾದದ್ದು ಹೊಲಿಗೆಯಂತ್ರವಂತೆ. ಒಂದೇ ಕಡೆ ತುಂಬಿದರೂ ಬಹಳ ಮಟ್ಟಿಗೆ ಸಾಕಾಗುತ್ತದೆ, ಆದರೆ ಪೊಳ್ಳು ಉಳಿಯಬಾರದು ಎಂದು ಆಮ್ರಪಾಲಿ ಅತ್ತೆಗೆ ಹೇಳಿದಳು. ಕಾಂತಾಬಾಯಿ ಬುದ್ಧನನ್ನು ಎತ್ತಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಳು. ಕೂರಲು ಗೋಡೆಯೇ ಬೇಕೆಂದು ಅವನೇನೂ ಹಟ ಹಿಡಿಯುವವನಲ್ಲ ಎಂದುಕೊಂಡಳು. ಬೆಳಕಿಗೆ ಅವನ ಮುಖ ಇನ್ನಷ್ಟು ಚೆನ್ನಾಗಿ ಕಂಡಿತು.

ಗೌಂಡಿ ಶಾಹಿದ್ ಬಂದು ವೈರಿನ ತೂತಿಗೆ ಗಾರೆ ತುರುಕಿ, ಗೂಡಿಗೆ ಗಟ್ಟಿ ಇಟ್ಟಿಗೆ ಕಟ್ಟಿ, ಸಂದು ಸಂದಿಗೂ ಗಾರೆ ಮೆತ್ತಿ, ನೀರುಣಿಸಿ, ಆರಿದ ಮೇಲೆ ಪ್ಲಾಸ್ಟರು ಮಾಡಿದ. ಆಮ್ರಪಾಲಿ ಅಲ್ಲಿಗೇ ಬಿಡಲಿಲ್ಲ. ಸಿಂಗಾರದ ಪಿಒಪಿ ಛಾವಣಿಯ ಒಂದು ಹಲಗೆ ಬಿಚ್ಚಿಸಿದಾಗ ಗೋಡೆಗೂ ಮೇಲಿನ ಬೀಮಿಗೂ ನಡುವೆ ಸೀಳು ಕಂಡಿತು. ಕಾಣದ ಕಡೆ ಗಾರೆ ಯಾಕೆ ಸುರಿಯಬೇಕು ಎಂದು ಅಂಬರೀಷ ಉಳಿಸಿದ್ದ. ಅದನ್ನೂ ತುಂಬಿಸಿ, ಅಂಚಿಗೆ ಬಾಗಿಬಳುಕುವ ಸೀಲೆಂಟ್ ಎಳೆಸಿದಳು. ಬರಿಯ ಸಿಮೆಂಟಾದರೆ ಬೀಮು ಅಲುಗಿದಾಗ ಮತ್ತೆ ಬಿರಿಯುತ್ತದಂತೆ. ಮೊಗಸಾಲೆಯ ಕಡೆಯ ಬಾಗಿಲಿನ ಅಡಿಗೂ ರಬ್ಬರಿನ ಪಟ್ಟಿ ಬಡಿದರು. ಸ್ಪಂಜನ್ನು ಕಾಂತಾಬಾಯಿ ಕಿತ್ತು, ಕತ್ತರಿಸಿ, ಕುರ್ಚಿಗಳಿಗೆ ಮೆತ್ತೆ ಹೊಲಿದಳು. ಅದು ಹುಟ್ಟಿದ್ದೇ ಮಂದಿಯ ಅಂಡಿನ ಕೆಳಗೆ ಇರಲಿಕ್ಕೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಮೇಲೆ ಆಮ್ರಪಾಲಿ ಜಗದೇವಿಯ ಜೊತೆ ಆಚೆ ಕಡೆ ನಿಂತು ಕೇಳಿದಳು. ಗೋಡೆಗೆ ಕಿವಿ ಒತ್ತಿಟ್ಟರೆ ಎಲ್ಲೋ ದೂರದ ಹೊಲದಲ್ಲಿ ಪಂಪು ನಡೆದಂತೆ ತೀರ ಮಂದವಾಗಿ ಏನೋ ಇತ್ತು. ಕಿವಿ ತೆಗೆದರೆ ಅದೂ ಇರಲಿಲ್ಲ. ಪೂರ್ತಿ ಇಲ್ಲದಂತೆ ಮಾಡಲು ನೆಲವನ್ನೇ ಬೇರೆ ಕಟ್ಟಬೇಕು, ಮನುಷ್ಯರಿಗೆ ಇಷ್ಟು ಸಾಕು ಎಂದಳು.

ಮನುಷ್ಯರಿಗೆ ಸಾಕಾಗಿತ್ತು. ಚನ್ನಬಸಪ್ಪನವರಿಗೆ ಸಾಕಾಗಲಿಲ್ಲ. ದೂರು ಕೊಟ್ಟವನು ದೂರು ವಾಪಸು ಪಡೆದರೆ ಮಂದಿ ಏನೆಂದಾರು. ಸಭೆಯ ದಿನ ಅವರು ಎದ್ದು ನಿಂತು, ಸದ್ದು ಹಾಗೇ ಇದೆ, ಮೊದಲಿಗಿಂತ ಹೆಚ್ಚೇ ಇದೆ, ಈಗಿಂದೀಗಲೇ ಬಂದು ಕೇಳಿರಿ ಎಂದರು. ನರಸಿಂಗ ರೂಢಿಯಂತೆ ತಲೆ ಆಡಿಸಿದ. ಮನೆಗೆ ಹೋಗಿ ಯಂತ್ರ ನಡೆಸಲು ಕಾಂತಾಬಾಯಿಗೆ ಹೇಳಿ, ತಾನು ನಾಲ್ಕು ಜನರೊಂದಿಗೆ ಚನ್ನಬಸಪ್ಪನವರ ನಡುಮನೆಯಲ್ಲಿ ಕೂತ.

ಕಾಂತಾಬಾಯಿ ತನ್ನ ಮನೆಗೆ ಹೋಗಿ ಬಾಗಿಲು ಹಾಕಿ ಯಂತ್ರದ ಮುಂದೆ ಕೂತಳು. ತುಳಿಗೆಯ ಮೇಲೆ ಕಾಲಿಟ್ಟಳು. ಕಾಲು ತೆಗೆದಳು. ತಾಟಿನಲ್ಲಿ ಬಿಡಿಸದೆ ಉಳಿದಿದ್ದ ಮೆಂತ್ಯೆಸೊಪ್ಪು ತೆಗೆದುಕೊಂಡು, ಸದ್ದಾಗದಂತೆ ಬಾಗಿಲು ತೆಗೆದು, ಚನ್ನಬಸಪ್ಪನವರ ಹೊಸ್ತಿಲ ಹೊರಗೇ ಗೋಡೆಗೊರಗಿ ಕೂತು ಎಲೆ ಬಿಡಿಸತೊಡಗಿದಳು. ಬಾಗಿಲು ತೆರೆದೇ ಇತ್ತು. ಒಳಗಿನವರು ಗೋಡೆಯ ಕಡೆ ಮುಖ ಮಾಡಿದ್ದರು.

"ಕೇಳ್ರಿ," ಎಂದರು ಚನ್ನಬಸಪ್ಪನವರು, ಬೆರಳೆತ್ತಿ. "ಶುರು ಆತು. ಗುಂಯ್ ಅನ್ನಾಕತ್ತದ. ತಲಿ ಒಳಗ ಹುಳ ಹೊಕ್ಕಾಂಗ."

ನರಸಿಂಗ ಕಣ್ಣು ಮುಚ್ಚಿ ಕೇಳಿದ. ಹೌದು, ಏನೋ ಇದೆ ಎಂದ. ಬಂದವರಲ್ಲಿ ಇಬ್ಬರು ತಮಗೂ ಕೇಳುತ್ತಿದೆ ಎಂದರು. ಒಬ್ಬನಂತೂ ಇದು ಅಂಚು ಹೊಲಿಯುವ ಸದ್ದು, ಕುಪ್ಪಸದ್ದಲ್ಲ ಎಂದು ವಿವರಿಸಿದ.

ಜಗದೇವಿ ಅಡುಗೆಮನೆಯಿಂದ ಚಹಾದ ಬಟ್ಟಲು ಹಿಡಿದು ಬಂದಳು. ಬಾಗಿಲ ಕಡೆ ನೋಡಿದಳು. ಹೊಸ್ತಿಲಾಚೆ ಮೆಂತ್ಯೆಯ ದಂಟು ಮುರಿಯುತ್ತಿದ್ದ ಕಾಂತಾಬಾಯಿಯನ್ನು ಕಂಡಳು. ಬಟ್ಟಲನ್ನು ಕೆಳಗಿಟ್ಟು, ಗೋಡೆಯ ಗುಂಡಿ ಒತ್ತಿ ತಮ್ಮ ಮನೆಯ ಫ್ಯಾನನ್ನು ಬಂದ್ ಮಾಡಿದಳು.

ಫ್ಯಾನು ನಿಧಾನಕ್ಕೆ ನಿಂತಿತು. ಗುಂಯ್ ಎನ್ನುವುದೂ ನಿಂತಿತು.

"ಹುಳ ಹೊಂಟ್ಹೋತೇನ್ರಿ?" ಎಂದು ಗಂಡನನ್ನು ಕೇಳಿದಳು.

ನರಸಿಂಗ ತಿರುಗಿದ. ಆಗ ಹೊಸ್ತಿಲಾಚೆ ಕೂತಿದ್ದವಳು ಅವನಿಗೂ ಕಂಡಳು. ಅವನ ತಲೆ ಮೊದಲ ಬಾರಿಗೆ ಯಾವ ಕಡೆಗೂ ಆಡಲಿಲ್ಲ. ಯಂತ್ರ ಇದ್ದಲ್ಲೇ ಇರಲಿ ಎಂದು ಅವನು ಚನ್ನಬಸಪ್ಪನವರ ಮುಖ ನೋಡದೆ ಹೇಳಿ, ಚಹಾ ಕುಡಿಯದೆ ಇಳಿದುಹೋದ. ಉಳಿದವರೂ ಅವನ ಹಿಂದೆ ಹೋದರು, ಅಂಚು ಹೊಲಿಯುವ ಸದ್ದು ಗುರುತಿಸಿದವನು ಎಲ್ಲರಿಗಿಂತ ಮೊದಲು.

ಕಾಂತಾಬಾಯಿ ಮಡಿಲಿನ ಸೊಪ್ಪು ಕೊಡವಿ ಎದ್ದಳು. ಚನ್ನಬಸಪ್ಪನವರನ್ನು ಏನಾದರೂ ಅನ್ನಬೇಕೆಂದು ಬಾಯಿಗೆ ಬಂದಿತ್ತು. ಅನ್ನುವಷ್ಟು ದೊಡ್ಡ ಮನುಷ್ಯನಲ್ಲ ಎಂದು ಬಿಟ್ಟುಬಿಟ್ಟಳು. ಒಳಗೆ ಹೋಗಿ, ಅರ್ಧಕ್ಕೆ ನಿಂತಿದ್ದ ಕುಪ್ಪಸದ ತೋಳನ್ನು ಸೂಜಿಯ ಕೆಳಗೆ ಇಟ್ಟು, ಕಾಲೊತ್ತಿ ಹೊಲಿಯತೊಡಗಿದಳು. ಆಚೆ ಕಡೆ ಯಾರೂ ಕೆಮ್ಮಲಿಲ್ಲ.