ಹೆಚ್ಚಿಗೆ ಬಂದ ಎಂಬತ್ತೈದು ಸಾವಿರ

ಕೆಂಡನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಡಗಿಗಳ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಆ ಬೆಳಿಗ್ಗೆ ಬ್ಯಾಂಕಿನ ಕೌಂಟರಿನ ಮುಂದೆ ನಿಂತಾಗ ಅವನಿಗಿದ್ದದ್ದು ಕೋಪವಲ್ಲ, ಅವಸರ. ಇನ್ನೂ ಮೂವತ್ತೈದು ಸಾವಿರ ಕಳಿಸಬೇಕಿತ್ತು. ಐವತ್ತನ್ನು ನಿನ್ನೆ ಸಂಜೆ ಫೋನಿನಲ್ಲೇ ಕಳಿಸಿದ್ದ. ಮೊದಲ ಸಲ ಕಳಿಸುವ ಖಾತೆಗೆ ಫೋನು ಅದಕ್ಕಿಂತ ಹೆಚ್ಚು ಬಿಡಲಿಲ್ಲ.

ನಡೆದದ್ದು ಇಷ್ಟು. ಕೆಂಡ ಮತ್ತು ಅವನ ಅಕ್ಕ ಸೇರಿ ಅಪ್ಪನ ಕಾಲದ ಮರಗೆಲಸದ ಅಂಗಡಿ ನಡೆಸುತ್ತಿದ್ದರು. ಕೊಯ್ಯುವುದು, ಜೋಡಿಸುವುದು ಅವನು. ಉಜ್ಜಿ ಪಾಲಿಶ್ ಹಾಕುವುದು, ಗಿರಾಕಿಗಳ ಜೊತೆ ಮಾತಾಡುವುದು ಅಕ್ಕ. ಆರು ಕುರ್ಚಿಯ ಒಂದು ಊಟದ ಮೇಜು ಮೂರು ತಿಂಗಳಿಂದ ಅಂಗಡಿಯಲ್ಲೇ ಕೂತಿತ್ತು. ಅಕ್ಕ ಅದರ ಫೋಟೋ ತೆಗೆದು ಫೋನಿನಲ್ಲಿ ಮಾರಾಟಕ್ಕೆ ಹಾಕಿದಳು, ಬೆಲೆ ಅರವತ್ತು ಸಾವಿರ. ಮಾರನೆಯ ದಿನವೇ ಒಬ್ಬ ಒಪ್ಪಿಕೊಂಡ. ಚೌಕಾಸಿ ಇಲ್ಲ, ಯಾವ ಮರ ಎಂಬ ಪ್ರಶ್ನೆಯೂ ಇಲ್ಲ. ತಾನು ಹಡಗಿನ ಇಂಜಿನಿಯರ್, ಬರಲಾಗುವುದಿಲ್ಲ, ಕಂಪನಿಯವರೇ ಚೆಕ್ ಕಳಿಸುತ್ತಾರೆ ಎಂದ. ಕೊರಿಯರಿನಲ್ಲಿ ಬಂದ ಚೆಕ್ಕಿನಲ್ಲಿ ಒಂದು ಲಕ್ಷದ ನಲವತ್ತೈದು ಸಾವಿರ ಇತ್ತು. ಹಿಂದೆಯೇ ಫೋನು: ‘ಅಯ್ಯೋ, ನಮ್ಮ ಆಫೀಸಿನವರು ಲಾರಿ ಬಾಡಿಗೆಯನ್ನೂ ಸೇರಿಸಿ ಬರೆದುಬಿಟ್ಟಿದ್ದಾರೆ. ನೀವು ಖಾತೆಗೆ ಹಾಕಿ, ನಿಮ್ಮದು ಇಟ್ಕೊಂಡು ಉಳಿದ ಎಂಬತ್ತೈದು ಲಾರಿಯವನಿಗೆ ಕಳಿಸಿಬಿಡಿ. ನೀವು ನಂಬಿಕಸ್ಥರು ಅಂತ ಮಾತಲ್ಲೇ ಗೊತ್ತಾಗುತ್ತೆ.’

ಕೆಂಡನಿಗೆ ಒಳಗೆಲ್ಲೋ ಚುರುಕ್ ಎಂದಿತ್ತು. ಮೇಜಿನ ಬೆಲೆಗಿಂತ ಬಾಡಿಗೆಯೇ ಹೆಚ್ಚೇ? ಆದರೆ ಖಾತೆಯಲ್ಲಿ ದುಡ್ಡು ಬಂದು ಕೂತಿರುವುದು ಕಣ್ಣಿಗೆ ಕಾಣುತ್ತಿತ್ತು. ಮೇಲಾಗಿ ಅಪ್ಪನ ಪಾಠ ಒಂದಿತ್ತು. ಗಿರಾಕಿ ತಂದ ಮರದಲ್ಲಿ ಗೇಣುದ್ದ ಹಲಗೆ ಮಿಕ್ಕರೂ ಅದೇ ದಿನ ಅವರ ಮನೆಗೆ ಹೋಗಬೇಕು. ಅಂಗಡಿಯಲ್ಲಿ ರಾತ್ರಿ ಕಳೆಯಬಾರದು. ಆ ಬೀದಿಯಲ್ಲಿ ಅವರ ಅಂಗಡಿಗೆ ಹೆಸರು ಬಂದಿದ್ದೇ ಅದರಿಂದ.

‘ಇನ್ನೊಬ್ಬರ ದುಡ್ಡನ್ನ ತಲೆದಿಂಬು ಮಾಡ್ಕೊಂಡು ಮಲಗ್ತೀಯೇನೋ?’ ಎಂದು ಅಕ್ಕ ಚುಚ್ಚಿದ್ದಳು. ‘ಕಳಿಸು ಮೊದಲು.’

ಕಳಿಸಿದ್ದ.

ಈಗ ಕೌಂಟರಿನ ಆಚೆ ಕೂತಿದ್ದ ಕನ್ನಡಕದ ಮೇಡಂ ಅವನ ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ಚೀಟಿ ನೋಡಿದರು.

‘ಈ ಲಾರಿಯವರು ನಿಮಗೆ ಗೊತ್ತಾ?’

‘ಇಲ್ಲ. ಗಿರಾಕಿ ಕಡೆಯವರು.’

‘ಗಿರಾಕಿ ಗೊತ್ತಾ?’

‘ಏನ್ ಮೇಡಂ, ಸೊಸೆ ತರೋರ ಥರ ವಿಚಾರಿಸ್ತಿದ್ದೀರಿ? ನನ್ನ ಖಾತೆ, ನನ್ನ ದುಡ್ಡು. ಕಳಿಸಿ ಅಂದ್ರೆ ಕಳಿಸಿ!’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ‘ನಿಮ್ಮ ದುಡ್ಡು ಅಲ್ಲ ಅದು, ಇನ್ನೂ’ ಎಂದರು. ‘ಚೆಕ್ ಹಾಕಿದೀರಿ, ನೀವು ಬ್ಯಾಂಕಿನ ಹಳೇ ಗಿರಾಕಿ ಅಂತ ನಾವು ಮುಂಗಡವಾಗಿ ಜಮಾ ತೋರಿಸಿದೀವಿ. ಚೆಕ್ ಯಾರದೋ ಅವರ ಬ್ಯಾಂಕು ಇನ್ನೂ ನಮಗೆ ಬಿಡಿಗಾಸು ಕೊಟ್ಟಿಲ್ಲ. ನಕಲಿ ಅಂತಲೋ ಕದ್ದಿದ್ದು ಅಂತಲೋ ಅವರು ವಾಪಸ್ ಮಾಡಿದ್ರೆ, ಪೂರ್ತಿ ಮೊತ್ತ ನಿಮ್ಮ ಖಾತೆಯಿಂದ ಹೋಗುತ್ತೆ.’

‘ಹೋದ್ರೆ ಅವನದೇ ಹೋಗುತ್ತೆ, ನನಗೇನು?’

‘ನೀವು ಕಳಿಸಿದ್ದು ವಾಪಸ್ ಬರುತ್ತಾ? ಅದು ನಿಜವಾದ ದುಡ್ಡು. ಅವನಿಗೆ ನಿಮ್ಮ ಮೇಜು ಬೇಡ ಕಣ್ರೀ. ಮೇಜು ಬರೀ ನೆಪ. ಆ ಹೆಚ್ಚಿನ ದುಡ್ಡು ಅಂತಿದ್ದಾನಲ್ಲ, ಅದಕ್ಕೇ ಅವನು ಬಂದಿರೋದು. ಚೆಕ್ ಸುಳ್ಳು ಅಂತ ಗೊತ್ತಾಗೋಕೆ ದಿನಗಳು ಹಿಡಿಯುತ್ತೆ. ಅದಕ್ಕೇ ಬೇಗ ಬೇಗ ಅಂತಾನೆ.’

ಕೆಂಡನ ಕಿವಿ ಬಿಸಿಯಾಯಿತು. ಮೂರ್ಖ ಎಂದು ಎಲ್ಲರೆದುರು ಹೇಳಿಸಿಕೊಂಡ ಹಾಗಾಯಿತು. ಗಾಜು ಒಡೆಯುವಷ್ಟು ಸಿಟ್ಟು ಬಂತು. ಆದರೆ ಆ ಹೆಂಗಸಿನ ಮುಖದಲ್ಲಿ ಎಲ್ಲೂ ತಾತ್ಸಾರ ಸಿಗಲಿಲ್ಲ.

‘ಅನುಮಾನ ಇದ್ರೆ ಅವನನ್ನೇ ಕೇಳಿ. ಈ ಚೆಕ್ ಬಿಟ್ಟು, ಸರಿಯಾಗಿ ಅರವತ್ತಕ್ಕೆ ಇನ್ನೊಂದು ಕಳಿಸಿ ಅನ್ನಿ. ನಿಜವಾದ ಗಿರಾಕಿಗೆ ಅದರಲ್ಲಿ ನಷ್ಟ ಏನಿದೆ?’

ಕೆಂಡ ಗೋಡೆ ಬದಿಗೆ ಹೋಗಿ ಫೋನು ಮಾಡಿದ. ‘ಸಾರ್, ಲೆಕ್ಕ ಗೋಜಲಾಗ್ತಿದೆ. ಅರವತ್ತಕ್ಕೇ ಒಂದು ಚೆಕ್ ಕೊಟ್ಟುಬಿಡಿ. ಹಳೇದು ರದ್ದು ಮಾಡಿಸೋಣ.’

ಆ ಕಡೆ ಜೇನು ಸುರಿಯುತ್ತಿದ್ದ ದನಿ ಒರಟಾಯಿತು. ‘ಏನ್ರೀ ಇದು? ಲಾರಿಯವನು ದಾರೀಲಿ ಡೀಸೆಲ್ ಇಲ್ಲದೆ ನಿಂತಿದ್ದಾನೆ. ನನ್ನ ದುಡ್ಡು ನುಂಗೋ ಯೋಚನೇನಾ? ಪೊಲೀಸರಿಗೆ ಹೇಳ್ತೀನಿ!’

‘ಲಾರಿ ಅಂಗಡಿಗೇ ಬರಲಿ ಸಾರ್. ಮೇಜು ಏರಿಸಿ, ಬಾಡಿಗೆ ಕೈಗೇ ಕೊಡ್ತೀನಿ.’

‘ಮೊದಲು ದುಡ್ಡು!’

ಕೆಂಡ ಫೋನು ಇಳಿಸಿದ. ಮೇಜು ಯಾವಾಗ ಸಿಗುತ್ತದೆ ಎಂದು ಆ ಮನುಷ್ಯ ಒಂದೇ ಒಂದು ಸಲ ಕೇಳಿರಲಿಲ್ಲ.

ಮೇಡಂ ಐವತ್ತನ್ನು ತಡೆಹಿಡಿಯಲು ಲಾರಿಯವನ ಖಾತೆಯಿದ್ದ ಬ್ಯಾಂಕಿಗೆ ಫೋನು ಮಾಡಿದರು. ನಿನ್ನೆ ಜಮೆಯಾದ ಹತ್ತು ನಿಮಿಷಕ್ಕೇ ಅದನ್ನು ತೆಗೆದುಕೊಂಡಾಗಿತ್ತು. ದೂರು ಬರೆಯಲು ಒಂದು ಅರ್ಜಿ ಕೊಟ್ಟರು. ‘ಚೆಕ್ ಹಾಕಿದವರು’ ಎಂಬ ಜಾಗದಲ್ಲಿ ಕೆಂಡ ತನ್ನ ರುಜು ಹಾಕಿದ. ಎರಡು ದಿನ ಬಿಟ್ಟು ಚೆಕ್ ಮರಳಿ ಬಂತು: ಯಾವುದೋ ಕಂಪನಿಯ ಕದ್ದ ಹಾಳೆ, ಸುಳ್ಳು ರುಜು. ಖಾತೆಯಲ್ಲಿ ನಲವತ್ತು ಸಾವಿರ ಉಳಿಯಿತು.

ಮೊದಲು ಅಲ್ಲಿ ಇದ್ದದ್ದು ತೊಂಬತ್ತು. ಅದು ಶಾಲೆಯವರು ನಲವತ್ತು ಬೆಂಚಿಗೆ ಕೊಟ್ಟಿದ್ದ ಮುಂಗಡ. ಸೋಮವಾರ ಮರ ತರಬೇಕಿತ್ತು.

ಅಂಗಡಿಯಲ್ಲಿ ಅಕ್ಕ ಮರಳು ಕಾಗದ ಹಿಡಿದು ಸ್ಟೂಲಿನ ಕಾಲು ಉಜ್ಜುತ್ತಿದ್ದಳು. ಅಂದು ಬ್ಯಾಂಕಿನಿಂದ ದಾರಿಯುದ್ದಕ್ಕೂ ಕೆಂಡ ಬೈಗುಳ ಪೋಣಿಸಿಕೊಂಡು ಬಂದಿದ್ದ: ನೀನೇ ಕಳಿಸು ಅಂದೆ, ನಿನ್ನ ಮಾತು ಕೇಳಿ ಕೆಟ್ಟೆ. ಅವಳ ಮುಖ ಕಂಡಾಗ ಒಂದೂ ಹೊರಗೆ ಬರಲಿಲ್ಲ. ‘ಚೆಕ್ ವಾಪಸ್ ಬಂತು’ ಎಂದಷ್ಟೇ ಹೇಳಿದ.

ಅಕ್ಕ ಕೈ ನಿಲ್ಲಿಸಿದಳು. ‘ಬಯ್ಯೋ. ಬಯ್ದುಬಿಡು.’

‘ಬಯ್ದ್ರೆ ಮರ ಬರುತ್ತಾ?’

‘ಅಪ್ಪ ಇದ್ದಿದ್ರೂ ಕಳಿಸ್ತಿದ್ರು ಕಣೋ.’

‘ನಿಂತ ಕಾಲಲ್ಲೇ ಕಳಿಸ್ತಿದ್ರು’ ಎಂದ ಕೆಂಡ. ‘ಆ ಬೋಳಿಮಗ ಹುಡುಕೋದೇ ಅಂಥವರನ್ನ. ಇನ್ನೊಬ್ಬರ ದುಡ್ಡು ಅಂದ್ರೆ ಕೈ ಸುಡುತ್ತಲ್ಲ, ಅಂಥವರನ್ನ. ನುಂಗೋ ಜಾತಿಯವನು ಇವನ ಬಲೆಗೆ ಬೀಳೋದೇ ಇಲ್ಲ.’

ಗೋಡೆಗೆ ಒಂದು ಗುದ್ದು ಗುದ್ದಿದ. ಗೆಣ್ಣಿನ ಚರ್ಮ ಕಿತ್ತುಬಂತು, ಗೋಡೆಗೆ ಏನೂ ಆಗಲಿಲ್ಲ. ಅಕ್ಕ ಬಟ್ಟೆ ಹರಿದು ಕಟ್ಟಿದಳು. ‘ಈ ಕೈಯಲ್ಲಿ ಬೆಂಚು ಮಾಡ್ತಾನಂತೆ’ ಎಂದು ಗೊಣಗಿದಳು.

ಆಮೇಲೆ ಅವನು ಶಾಲೆಯ ಹೆಡ್ ಮೇಡಂಗೆ ಫೋನು ಮಾಡಿದ. ಮರದ ಅಂಗಡಿ ಮುಚ್ಚಿದೆ, ನನಗೆ ಜ್ವರ ಎಂಬ ಎರಡು ಸುಳ್ಳು ನಾಲಗೆಯ ತುದಿಯಲ್ಲಿದ್ದವು. ‘ನಿಮ್ಮ ಮುಂಗಡದಲ್ಲಿ ಐವತ್ತು ಸಾವಿರ ಮೋಸಕ್ಕೆ ಹೋಯ್ತು ಮೇಡಂ’ ಎಂದ. ‘ತಪ್ಪು ನಂದು. ಹೇಳಿದ ತಾರೀಕಿಗೆ ಹದಿನೈದು ಬೆಂಚು ಕೊಡ್ತೀನಿ. ಉಳಿದಿದ್ದಕ್ಕೆ ಟೈಮ್ ಬೇಕು.’

‘ಇಂಥ ಕಥೆ ಫೋನಲ್ಲಿ ಯಾರು ಬೇಕಾದ್ರೂ ಹೇಳ್ತಾರೆ’ ಎಂದರು ಹೆಡ್ ಮೇಡಂ. ‘ನಾಳೆ ಒಂಬತ್ತಕ್ಕೆ ಎದುರಿಗೆ ಬಂದು ಹೇಳಿ. ಕಮಿಟಿಯವರೂ ಇರ್ತಾರೆ. ಕೆಲಸ ನಿಮ್ಮ ಕೈಲಿ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ.’

ಫೋನು ಇಟ್ಟ. ಅಕ್ಕ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

‘ನಾನೂ ಬರ್ತೀನಿ.’

‘ಬೇಡ. ಅಲ್ಲಿ ಬಯ್ಸಿಕೊಳ್ಳೋದು ಒಬ್ಬನಿಗೆ ಸಾಕು.’

‘ಕಮಿಟಿಯವರು ಏನಾದ್ರೂ ಅಂದ್ರೆ ನೀನು ಅಲ್ಲೂ ಗೋಡೆ ಗುದ್ದುತ್ತೀಯ. ನಿನ್ನ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ’ ಎಂದಳು ಅಕ್ಕ.

ಕೆಂಡ ಬೇಡ ಎನ್ನಲಿಲ್ಲ.