ಐದನೆಯ ಬತ್ತಿ ಹತ್ತುವವರೆಗೆ

ಶಾಲೆಯ ಹೊಸ ಸಭಾಂಗಣದ ಉದ್ಘಾಟನೆಗೆ ನೀವು ಪ್ರಾರ್ಥನೆ ಹಾಡುವುದು ಬೇಡವಂತೆ ಎಂದು ಅತ್ತೆಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಆ ಶಾಲೆಯಲ್ಲಿ ನಾನು ಟೀಚರು. ಯಾವ ಸಭೆಯಿದ್ದರೂ ನಿರೂಪಣೆ ನನ್ನದೇ. ಅತ್ತೆ ನನಗಿಂತ ಮೊದಲು ಅಲ್ಲಿ ಸಂಗೀತ ಕಲಿಸಿದವರು. ನಿವೃತ್ತರಾದ ಮೇಲೂ ಶಾಲೆಯ ಸಮಾರಂಭಗಳು ಅವರ ಹಾಡಿನಿಂದಲೇ ಶುರುವಾಗುತ್ತಿದ್ದವು. ಹೋದ ವರ್ಷ ಗಂಟಲಲ್ಲಿ ಗಂಟಾಗಿ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ದನಿಯ ಮೇಲಿನ ಭಾಗವೂ ಹೋಯಿತು. ಉಳಿದದ್ದು ಎಣ್ಣೆ ಕಾಣದ ಬಾಗಿಲಿನಂಥ ದನಿ.

ಅಂದಿನಿಂದ ಅವರು ಹಾಡುವುದು ಬೆಳಿಗ್ಗೆ ಬಚ್ಚಲಿನಲ್ಲಿ ಮಾತ್ರ. ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಬಕೆಟ್ಟಿಗೆ ನೀರು ಬೀಳುವ ಸದ್ದಿನ ಮರೆಯಲ್ಲಿ ಹಾಡುತ್ತಿದ್ದರು. ಬಕೆಟ್ಟು ತುಂಬಿ ಹರಿದರೂ ನಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ಗಂಡ ನೀರಿನ ಬಿಲ್ಲು ಹಿಡಿದು ಗೊಣಗಿದಾಗ ನಾನು ಸುಮ್ಮನಿರಿ ಎನ್ನುತ್ತಿದ್ದೆ. ಒಬ್ಬ ಹೆಂಗಸು ತನ್ನ ದನಿಯನ್ನು ತನ್ನ ಮನೆಯವರಿಂದಲೇ ಬಚ್ಚಿಟ್ಟುಕೊಳ್ಳುತ್ತಿದ್ದಾಳೆ ಎಂದು ಅವರಿಗೆ ಹೇಗೆ ವಿವರಿಸುವುದು?

ಶಾಲೆಯ ಕಾರ್ಯದರ್ಶಿಗಳು ಕೆಟ್ಟವರಲ್ಲ. ಗಳಿಗೆಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ ಅವರಿಗೆ ನಾವಿಟ್ಟ ಹೆಸರು ಗಡಿಯಾರ ಸಾರ್. ಅವರು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು.

"ಮೇಡಂ, ಇದು ದೊಡ್ಡ ಸಭೆ. ಹೊರಗಿನವರು ಬರ್ತಾರೆ. ನಿಮ್ಮತ್ತೆಯವರ ಈಗಿನ ದನಿ... ನೀವೇ ಅರ್ಥ ಮಾಡ್ಕೊಳ್ಳಿ. ಹಳೇ ಸಮಾರಂಭದಲ್ಲಿ ಅವರು ಹಾಡಿದ್ದು ರೆಕಾರ್ಡ್ ಆಗಿದೆ. ಅದನ್ನೇ ಹಾಕಿಸ್ತೀನಿ. ಅವರದೇ ದನಿ, ಅವರು ಮುಂದಿನ ಸಾಲಲ್ಲಿ ಕೂತು ಕೇಳ್ತಾರೆ. ಗೌರವ ಕೊಟ್ಟ ಹಾಗೂ ಆಯ್ತಲ್ಲ."

"ದೀಪ?" ಎಂದೆ.

"ಬ್ಯಾಟರಿ ದೀಪ ಅಂದ್ಕೊಂಡಿದ್ದೆ. ಅಧ್ಯಕ್ಷರು ಬೇಡ ಅಂದ್ರು. ಎಣ್ಣೇದೇ ಇಡಿ. ಆಮೇಲೆ, ಈಗಿನ ಮಕ್ಕಳಿಗೆ ದೀಪ ಯಾಕೆ ಹಚ್ತಾರೆ, ಪ್ರಾರ್ಥನೆ ಯಾಕೆ ಅಂತಾನೇ ಗೊತ್ತಿಲ್ಲ. ಅದಕ್ಕೆ ಎರಡು ಮಾತು ಅರ್ಥ ಹೇಳಿ. ಚುಟುಕಾಗಿರಲಿ. ನೀವು 'ಈಗ ಪ್ರಾರ್ಥನೆ' ಅಂದ ತಕ್ಷಣ ಮೈಕಿನವನು ಬಟನ್ ಒತ್ತುತ್ತಾನೆ."

ಮನೆಗೆ ಬಂದು ಹೇಳಿದೆ. ಅತ್ತೆ ಹತ್ತಿ ಬಿಡಿಸುತ್ತಾ ಕೂತಿದ್ದರು. ಸಭೆಯ ದೀಪಕ್ಕೆ ಬತ್ತಿ ಮಾಡಿಕೊಡುವುದು ಎಂದಿನಿಂದಲೂ ಅವರ ಕೆಲಸ. ಕೈ ನಿಲ್ಲಿಸಲಿಲ್ಲ.

"ನಾನಿನ್ನೂ ಸತ್ತಿಲ್ಲ ಅಂತ ಹೇಳಬೇಕಿತ್ತು ನೀನು. ಫೋಟೋಗೆ ಹಾರ ಹಾಕೋದೂ ಕಾರ್ಯಕ್ರಮದಲ್ಲಿ ಇದೆಯಾ?"

"ಅತ್ತೆ..."

"ಹಾಡಿಗೊಂದು ಬಟನ್ನು. ಮುಖ್ಯ ಅತಿಥಿಗೂ ಬಟನ್ ಇದ್ದರೆ ಒತ್ತಿಬಿಡಲಿ, ಭಾಷಣ ಬೇಗ ಮುಗಿಯತ್ತೆ."

ನಾನು ನಕ್ಕೆ, ಅವರು ನಗಲಿಲ್ಲ.

"ನಿಮಗೆ ಹಾಡಬೇಕು ಅಂತಿದೆಯಾ?"

"ಕರೆದರೆ ಹಾಡ್ತೀನಿ. ಕರೆಯದಿದ್ದರೆ ಇಲ್ಲ. ನನ್ನ ಹಾಡು ಕೇಳಿ ಅಂತ ಯಾರ ಕಾಲೂ ಹಿಡಿಯಲ್ಲ." ಒಂದು ಎಳೆ ಹತ್ತಿಯನ್ನು ನನ್ನ ಅಂಗೈಗೆ ಹಾಕಿದರು. "ಒಂಟಿ ಬತ್ತಿ ಬೇಡ, ಎರಡು ಸೇರಿಸಿ ಹೊಸೆ. ಒಂಟಿದು ಎಣ್ಣೆಯೊಳಗೆ ಮಲಗಿಬಿಡತ್ತೆ. ಮೊದಲೇ ಎಣ್ಣೆಯಲ್ಲಿ ನೆನೆಸು. ತುದಿ ಒಣಗಿದ್ದರೆ ಹೊಗೆ ಬರತ್ತೆ, ಬೆಂಕಿ ಬರಲ್ಲ. ತುದಿಗೆ ಚೂರು ಕರ್ಪೂರದ ಪುಡಿ ಒತ್ತು. ಅತಿಥಿಗಳ ಕೈಗೆ ಕಡ್ಡಿಪೆಟ್ಟಿಗೆ ಕೊಡಬೇಡ. ಗೀರಿ ಗೀರಿ ಆರಿಹೋದರೆ ಪಾಪ, ಎಲ್ಲರೆದುರು ಅವರ ಮುಖ ಸಣ್ಣದಾಗತ್ತೆ. ಮೇಣದಬತ್ತಿ ನೀನು ಹಚ್ಚಿ ಕೊಡು."

"ಹೊಸ ಹಾಲ್‌ನಲ್ಲಿ ಏಸಿ ಗಾಳಿ ನೇರ ವೇದಿಕೆ ಮೇಲೇ ಬೀಳತ್ತೆ."

"ಹಾಗಾದ್ರೆ ಆ ರೆಕಾರ್ಡು ಮೂರನೇ ಬತ್ತಿಗೇ ಮುಗಿದುಹೋಗತ್ತೆ, ನೋಡ್ತಿರು. ನಾಲ್ಕೇ ಸಾಲಿನ ಹಾಡು ಅದು. ಹಾಡೋಳು ದೀಪ ನೋಡ್ಕೊಂಡು ಹಾಡಬೇಕು. ಬತ್ತಿ ಹತ್ತಲಿಲ್ಲ ಅಂದರೆ ಸಾಲನ್ನ ಇನ್ನೊಂದು ಸಲ ಎತ್ಕೋಬೇಕು. ಕೊನೇ ಬತ್ತಿ ಹತ್ತಿದ ಮೇಲೇ ಕೊನೇ ಸಾಲು. ಮಷೀನಿಗೆ ಕಣ್ಣೆಲ್ಲಿದೆ?"

ಆಮೇಲೆ ನಾನು ನನ್ನ ಎರಡು ಮಾತು ಬರೆಯಲು ಕೂತೆ. ಇಷ್ಟು ವರ್ಷ ಕತ್ತಲೆಯಿಂದ ಬೆಳಕಿನೆಡೆಗೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದವಳು ನಾನು. ಈ ಸಲ ಆ ಮಾತನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಕೊನೆಗೆ ಪ್ರಾರ್ಥನೆಯ ಬಗ್ಗೆ ಬರೆಯುವಾಗ ಪೆನ್ನು ನಿಂತಿತು. ನಾನು ಬರೆಯುತ್ತಿರುವುದು ನಿಜವಾದರೆ ನಾಳೆ ಮಾಡಲಿರುವುದು ಸುಳ್ಳು ಎನ್ನಿಸಿತು. ಆದರೂ ಹೊಡೆದುಹಾಕಲಿಲ್ಲ. ಬೆಳಿಗ್ಗೆ ಕಾಗದವನ್ನು ಗಡಿಯಾರ ಸಾರ್‌ಗೆ ತೋರಿಸಿದೆ. ಅವರು ಎಷ್ಟು ಉದ್ದವಿದೆ ಎಂದಷ್ಟೇ ನೋಡಿದರು.

"ಚೆನ್ನಾಗಿದೆ. ಬೇಗ ಓದಿ."

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ವೇದಿಕೆಯ ಬಲಕ್ಕೆ ಐದು ಬತ್ತಿಯ ಎತ್ತರದ ಹಿತ್ತಾಳೆಯ ದೀಪ. ಅದು ಅಲುಗದಂತೆ ಬುಡಕ್ಕೆ ತಟ್ಟೆಯಿಟ್ಟು, ಬತ್ತಿಗಳ ತುದಿಯನ್ನು ಒಂದೊಂದು ದಿಕ್ಕಿಗೆ ಬರುವಂತೆ ಕೂರಿಸಿ, ಎಣ್ಣೆ ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲುವಷ್ಟು ಸುರಿದೆ. ತುಂಬಿಸಿದರೆ ಚೆಲ್ಲುತ್ತದೆ, ಅತಿಥಿಯ ಸೀರೆ ಕೆಡುತ್ತದೆ. ಏಸಿ ಆರಿಸಿ ಎಂದರೆ ಮೈಕಿನವನು ಅದರ ಸ್ವಿಚ್ಚು ಬೀಗ ಹಾಕಿದ ಕೋಣೆಯಲ್ಲಿದೆ ಎಂದ. ಅತ್ತೆ ಮುಂದಿನ ಸಾಲಿನಲ್ಲಿ, ಗೌರವದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆಯಂತೆ ನೆಟ್ಟಗೆ ಕೂತಿದ್ದರು.

ಗಣ್ಯರು ಬಂದು ಕೂತರು. ಗಡಿಯಾರ ಸಾರ್ ಮಣಿಕಟ್ಟು ನೋಡಿ ನನಗೆ ತಲೆಯಾಡಿಸಿದರು. ನಾನು ಮೈಕಿನ ಮುಂದೆ ನಿಂತು ಓದಿದೆ.

"ಹೊರಗೆ ಬಿಸಿಲಿದೆ, ಇಲ್ಲಿ ಇಷ್ಟೊಂದು ಲೈಟುಗಳಿವೆ. ಆದರೂ ದೀಪ ಹಚ್ಚುತ್ತಿದ್ದೇವೆ. ಅಂದರೆ ಈ ದೀಪ ಕಣ್ಣಿಗೆ ಕಾಣಲಿ ಎಂದು ಹಚ್ಚುವುದಲ್ಲ. ನಮಗೆ ಗೊತ್ತಿಲ್ಲದ್ದು ಇನ್ನೂ ಇದೆ, ಅದು ಗೊತ್ತಾಗಲಿ ಎಂದು ಒಪ್ಪಿಕೊಳ್ಳುವುದು. ಕತ್ತಲೆ ಎಂದರೆ ಅಜ್ಞಾನ, ಬೆಳಕು ಎಂದರೆ ಅರಿವು. ಎಣ್ಣೆ ನಮ್ಮೊಳಗೆ ಅಂಟಿಕೊಂಡ ಆಸೆಗಳು, ಬತ್ತಿ 'ನಾನು' ಎಂಬ ನಮ್ಮ ಅಹಂಕಾರ ಎಂದು ಹಿರಿಯರು ಹೇಳುತ್ತಾರೆ. ಎರಡೂ ಉರಿದು ಸವೆದಾಗಲೇ ಬೆಳಕು. ದೀಪವನ್ನು ಹೇಗೆ ಓರೆ ಮಾಡಿದರೂ ಜ್ವಾಲೆ ಮೇಲಕ್ಕೇ ಹೋಗುತ್ತದೆ. ಒಂದು ಜ್ವಾಲೆಯಿಂದ ಇನ್ನೊಂದನ್ನು ಹಚ್ಚಿದರೆ ಮೊದಲನೆಯದಕ್ಕೆ ಏನೂ ಕಡಿಮೆಯಾಗುವುದಿಲ್ಲ. ಕಲಿಸುವವರ ಕೆಲಸವೂ ಇದೇ. ಒಬ್ಬರೇ ಹಚ್ಚದೆ ಹಲವರು ಒಂದೊಂದು ಬತ್ತಿ ಹಚ್ಚುವುದು, ಈ ಕೆಲಸ ಒಬ್ಬರದಲ್ಲ ಎಂದು ತೋರಿಸಲು."

ಸಭೆ ಕೇಳುತ್ತಿತ್ತು. ಮೈಕಿನವನ ಬೆರಳು ಬಟನ್ನಿನ ಮೇಲೆ ಸಿದ್ಧವಾಗಿತ್ತು.

"ಇನ್ನು ಪ್ರಾರ್ಥನೆ. ನಾವೆಲ್ಲ ಬೇರೆ ಬೇರೆ ಕಡೆಯಿಂದ ಬಂದಿದ್ದೇವೆ. ಯಾರ ಮನಸ್ಸೋ ಬಸ್ಸಿನಲ್ಲಿದೆ, ಯಾರದೋ ಅಡುಗೆಮನೆಯಲ್ಲಿ. ಹಾಡು ಅವನ್ನೆಲ್ಲ ಕರೆದು ಇಲ್ಲಿ ಕೂರಿಸುತ್ತದೆ. ಹಿಡಿದ ಕೆಲಸಕ್ಕೆ ಅಡ್ಡಿ ಬಾರದಿರಲಿ, ಆಡುವ ಮಾತು ಸರಿಯಾಗಿರಲಿ ಎಂದು ಅದು ಕೇಳಿಕೊಳ್ಳುತ್ತದೆ. ಅದಕ್ಕೇ ಎದ್ದು ನಿಲ್ಲುತ್ತೇವೆ. ಕೇಳಿಕೊಳ್ಳುವವರು ಎದುರಿಗೆ ಇರಬೇಕು. ಹೋದ ವರ್ಷ ಕೇಳಿಕೊಂಡದ್ದು ಹೋದ ವರ್ಷದ ಕೆಲಸಕ್ಕೆ. ಇವತ್ತಿನದನ್ನು ಇವತ್ತಿನ ಉಸಿರಿನಲ್ಲಿ ಕೇಳಿಕೊಳ್ಳಬೇಕು."

ಬರೆದದ್ದು ಅಲ್ಲಿಗೆ ಮುಗಿದಿತ್ತು. ಮುಂದೆ 'ಈಗ ಪ್ರಾರ್ಥನೆ' ಎನ್ನಬೇಕಿತ್ತು. ನಾನು ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿಕೊಂಡೆ.

"ಈ ಶಾಲೆಯ ಸಂಗೀತದ ಟೀಚರು ಹಾಡುತ್ತಾರೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ."

ಮೈಕಿನವನು ಬಟನ್ ಒತ್ತುವುದೋ ಬಿಡುವುದೋ ತಿಳಿಯದೆ ಗಡಿಯಾರ ಸಾರ್ ಮುಖ ನೋಡಿದ. ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಕುರ್ಚಿಗಳು ಸರಿದವು, ಸಭೆ ಎದ್ದು ನಿಂತಿತು. ನಿಂತ ಸಭೆಯನ್ನು ಕೂರಿಸುವ ಧೈರ್ಯ ಯಾವ ಕಾರ್ಯದರ್ಶಿಗೂ ಇರುವುದಿಲ್ಲ.

ನಾನು ಮೆಟ್ಟಿಲಿಳಿದು ಹೋಗಿ ಅತ್ತೆಯ ಕೈಗೆ ಮೈಕು ಕೊಟ್ಟೆ.

"ಕರೆದೆ ಅತ್ತೆ," ಎಂದೆ.

"ಕೇಳಿಸ್ತು. ಹೋಗು, ಮೇಣದಬತ್ತಿ ಹಚ್ಚು."

ಮೊದಲು ಒಂದು ಸ್ವರ ಹಿಡಿದು ನೋಡಿದರು. ಹಿಂದಿಗಿಂತ ಎಷ್ಟೋ ಕೆಳಗಿನ ಶ್ರುತಿ. ಮೊದಲ ಸಾಲು ನೆಲದ ಮೇಲೆ ಕುರ್ಚಿ ಎಳೆದಂತೆ ಬಂತು. ಹಿಂದಿನ ಸಾಲುಗಳಲ್ಲಿ ಹುಡುಗಿಯರು ಕಿಸಕ್ಕೆಂದರು. ಅತ್ತೆ ನಿಲ್ಲಿಸಿದರು. ಅವರು ಹಿಂತಿರುಗಿ, ತರಗತಿಯಲ್ಲಿ ನೋಡುತ್ತಿದ್ದ ಹಾಗೆ, ಆ ಹುಡುಗಿಯರನ್ನು ಸಾವಕಾಶವಾಗಿ ನೋಡಿದರು. ಗದರಲಿಲ್ಲ. ನಗು ತಾನಾಗಿ ಉಡುಗಿತು. ಮತ್ತೆ ಮೊದಲಿನಿಂದ, ಅದೇ ಸಾಲನ್ನು, ಅದೇ ಒರಟು ದನಿಯಲ್ಲಿ ಎತ್ತಿಕೊಂಡರು.

ಮುಖ್ಯ ಅತಿಥಿ ಚಪ್ಪಲಿ ಬಿಟ್ಟು ಬಂದು ಮೊದಲ ಬತ್ತಿ ಹಚ್ಚಿದರು. ಅಧ್ಯಕ್ಷರು ಎರಡನೆಯದು. ಅವರ ಕೈಯಿಂದ ಮೇಣದಬತ್ತಿ ಮುಖ್ಯೋಪಾಧ್ಯಾಯಿನಿಯ ಕೈಗೆ ಹೋಗುವಾಗ ಏಸಿಯ ಗಾಳಿಗೆ ಅದು ಆರಿತು. ನಾನು ಸೆರಗು ಮರೆಮಾಡಿ ಮತ್ತೆ ಹಚ್ಚಿಕೊಟ್ಟೆ. ಅತ್ತೆ ಮೂರನೆಯ ಸಾಲನ್ನು ಇನ್ನೊಂದು ಸಲ ಹಾಡಿದರು. ಮೇಲಕ್ಕೆ ಹೋಗಬೇಕಾದ ಕಡೆ ಗಂಟಲು ಒಪ್ಪಲಿಲ್ಲ, ಕೆಳಗಿಳಿದು ಬಂದರು. ಮೂರನೆಯದೂ ನಾಲ್ಕನೆಯದೂ ಹತ್ತಿದವು. ಐದನೆಯದು ಗಡಿಯಾರ ಸಾರ್ ಪಾಲಿನದು. ಏಸಿಗೆ ನೇರ ಎದುರಿಗಿದ್ದ ಬತ್ತಿ ಅದೇ. ಅವರು ಮುಟ್ಟಿಸಿದರು, ಆರಿತು. ಮುಟ್ಟಿಸಿದರು, ಆರಿತು. ಅವರ ಹಣೆ ಬೆವರಿತು. ಹಾಡು ಮುಗಿದುಹೋಗಿದ್ದರೆ ಅವರು ನಿಶ್ಶಬ್ದದಲ್ಲಿ, ನೂರಾರು ಕಣ್ಣುಗಳ ಎದುರು, ಒಂದು ಬತ್ತಿಯ ಜೊತೆ ಗುದ್ದಾಡಬೇಕಾಗುತ್ತಿತ್ತು. ಹಾಡು ಮುಗಿಯಲಿಲ್ಲ. ಅತ್ತೆ ದೀಪದ ಮೇಲಿಂದ ಕಣ್ಣು ಕೀಳದೆ ಅದೇ ಸಾಲನ್ನು ಒಮ್ಮೆ ಎಳೆದು, ಒಮ್ಮೆ ಒಡೆದು, ಒಮ್ಮೆ ಬರೀ ಉಸಿರಿನಲ್ಲಿ ತಿರುಗಿಸಿದರು. ಅವಸರ ಬೇಡ, ನಾನಿದ್ದೇನೆ ಎಂದು ಆ ದನಿ ಹೇಳುತ್ತಿರುವಂತಿತ್ತು. ನಾನು ಗಾಳಿಗೆ ಅಡ್ಡವಾಗಿ ನಿಂತೆ. ಬತ್ತಿ ಹತ್ತಿತು. ಆಗ ಅತ್ತೆ ಕೊನೆಯ ಸಾಲಿಗೆ ಬಂದರು.

ಚಪ್ಪಾಳೆ ಜೋರಾಗೇನೂ ಇರಲಿಲ್ಲ. ಪ್ರಾರ್ಥನೆಗೆ ಚಪ್ಪಾಳೆ ತಟ್ಟಬಾರದೆಂದು ಅವರೇ ಕಲಿಸಿದ್ದರಲ್ಲ.

ಸಭೆ ಮುಗಿದ ಮೇಲೆ ಗಡಿಯಾರ ಸಾರ್ ನನ್ನನ್ನು ಪಕ್ಕಕ್ಕೆ ಕರೆದರು. "ನನ್ನನ್ನ ಒಂದು ಮಾತು ಕೇಳಬೇಕಿತ್ತು ಮೇಡಂ. ಮುಂದಿನ ಸಲ ನಿರೂಪಣೆ ಬೇರೆಯವರಿಗೆ ಕೊಡ್ತೀನಿ."

"ಕೊಡಿ ಸಾರ್. ಕೇಳಿದ್ದರೆ ನೀವು ಬೇಡ ಅಂತಿದ್ರಿ."

ಅವರು ಬೆರಳಿಗೆ ಅಂಟಿದ್ದ ಮೇಣ ಕೆರೆದುಕೊಳ್ಳುತ್ತಾ ನಿಂತರು. ಪಕ್ಕದಲ್ಲಿ ಅತ್ತೆ ಉಳಿದ ಎಣ್ಣೆಯನ್ನು ಬಾಟಲಿಗೆ ಸೋಸಿಕೊಳ್ಳುತ್ತಿದ್ದರು. ತಲೆಯೆತ್ತದೆ ಹೇಳಿದರು:

"ಯಾರಿಗೆ ಬೇಕಾದ್ರೂ ಕೊಡಪ್ಪ. ಬತ್ತಿ ಹೊಸೆಯೋದು ನಾನು ಹೇಳಿಕೊಡ್ತೀನಿ. ಹಾಡೋದಕ್ಕೂ ನಾನೇ ಬರ್ತೀನಿ."

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಬಚ್ಚಲಿನಿಂದ ಹಾಡು ಕೇಳಿಸಿತು, ಒರಟಾಗಿ, ಮನೆಗೆಲ್ಲ ಕೇಳುವಷ್ಟು ಜೋರಾಗಿ. ಪೇಪರ್ ಓದುತ್ತಿದ್ದ ನನ್ನ ಗಂಡ ತಲೆಯೆತ್ತಿದರು.

"ಅಮ್ಮ ಹಾಡ್ತಿದ್ದಾರಾ?"

ನಲ್ಲಿ ನಿಂತಿತ್ತು.