‘ಗಾಡಿ ಹೊಂಟೈತಿ’ ಅಂದದ್ದಕ್ಕೆ ಉತ್ತರ

ಗಂಗಾವತಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಫೋನು ಎತ್ತುವವಳೂ ಚೀಟಿ ಬರೆಯುವವಳೂ ಸುರೇಖಾ ಒಬ್ಬಳೇ. ಗೂಗಲ್‌ನಲ್ಲಿ ಜನ ಬರೆಯುವ ರಿವ್ಯೂಗಳಿಗೆ ಆಸ್ಪತ್ರೆಯ ಹೆಸರಿನಲ್ಲಿ ಉತ್ತರ ಹಾಕುವ ಕೆಲಸವೂ ಅವಳದೇ. ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಶಾಂತಕುಮಾರ ಒಂದು ರಿವ್ಯೂ ವಾಟ್ಸಾಪಿಗೆ ಕಳಿಸಿ, ‘ಇದಕ್ಕ ಲಗೂನ ಉತ್ತರ ಹಾಕು’ ಎಂದಿದ್ದ.

‘ಒಂದು ಸ್ಟಾರ್ ಕೊಟ್ಟದ್ದೂ ಹೆಚ್ಚು. ಗುರುವಾರ ಮಧ್ಯಾಹ್ನ ನವಲಿಯಿಂದ ಮೂರು ಸಲ ಫೋನ್ ಮಾಡಿದೆ. ನನ್ನ ತಂಗಿಗೆ ರಕ್ತ ಹೋಗುತ್ತಿತ್ತು. ಆಂಬುಲೆನ್ಸ್ ಬಂದದ್ದು ಎರಡು ತಾಸಿನ ಮೇಲೆ. ಕೂಸು ಉಳಿಯಲಿಲ್ಲ. ಡ್ರೈವರ್ ದಾರಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದನೇನು? ಯಾರೂ ಇಲ್ಲಿಗೆ ಹೋಗಬೇಡಿ. – ಗಾಳೇಶ’

ಆ ಮೂರೂ ಫೋನು ಎತ್ತಿದವಳು ಸುರೇಖಾಳೇ.

ಎಂದಿನಂತೆ ರಿವ್ಯೂ ಕಾಪಿ ಮಾಡಿ ಮೊಬೈಲಿನ ಎಐ ಆ್ಯಪಿನಲ್ಲಿ ಅಂಟಿಸಿ, ಕೆಳಗೆ ‘ಇದಕ್ಕೆ ಉತ್ತರ ಬರಿ’ ಎಂದು ಬರೆದಳು. ಅದು ನಾಲ್ಕು ಸಾಲು ಬರೆದುಕೊಟ್ಟಿತು. ಸಂತಾಪ, ವಿಚಾರಿಸುತ್ತೇವೆಂಬ ಮಾತು, ನೇರವಾಗಿ ಮಾತಾಡಲು ಒಂದು ಫೋನ್ ನಂಬರಿಗೆ ಜಾಗ. ಕೆಳಗೊಂದು ಸೂಚನೆಯೂ ಇತ್ತು: ‘ಗಾಡಿ ಯಾವಾಗ ಹೊರಟಿತೆಂದು ನನಗೆ ಗೊತ್ತಿಲ್ಲ, ಆದ್ದರಿಂದ ತಡವನ್ನು ಒಪ್ಪಿಯೂ ಇಲ್ಲ, ಅಲ್ಲಗಳೆದೂ ಇಲ್ಲ. ನಿಜವಾಗಿ ಏನಾಯಿತೆಂದು ಹೇಳಿದರೆ ತಿದ್ದಿಕೊಡುತ್ತೇನೆ. ರೋಗಿಯ ವಿವರಗಳನ್ನು ಸಾರ್ವಜನಿಕ ಉತ್ತರದಲ್ಲಿ ಬರೆಯಬೇಡಿ.’

ಅವಳು ಅದನ್ನು ಮ್ಯಾನೇಜರನಿಗೆ ತೋರಿಸಿದಳು. ಶಾಂತಕುಮಾರ ಓದಿ ಅಡ್ಡಡ್ಡ ತಲೆಯಾಡಿಸಿದ.

“ಇಷ್ಟು ಮೆತ್ತಗ ಬರದ್ರ ತಪ್ಪು ಆಸ್ಪತ್ರಿ ಮ್ಯಾಲೆ ಬರತೈತಿ. ಅವನೇ ಡ್ರೈವರ್ ಅಂತ ಬರದಾನಲ್ಲ, ಅಷ್ಟ ಒಪ್ಪಿಬಿಡು. ‘ಡ್ರೈವರನ ತಪ್ಪಾಗೈತಿ, ಕೆಲಸದಿಂದ ತಗದೀವಿ’ ಅಂತ ಹಾಕು.”

“ಡ್ರೈವರ್ ಮರ್ದಾನಸಾಬ ಏನ್ ಮಾಡ್ಯಾರ್ರಿ ಸರ? ಅವ್ರು ಆವಾಗ ಕೊಪ್ಪಳದಾಗಿದ್ರು. ಪೇಶಂಟ್ ಇಳಿಸಿ ಅಲ್ಲಿಂದ ಸೀದಾ ನವಲಿಗೆ ಹೋಗ್ಯಾರ.”

“ಅದು ಆ ಗಾಳೇಶಗ ಗೊತ್ತೈತೇನು?”

“ನಾನು ‘ಗಾಡಿ ಹೊಂಟೈತಿ’ ಅಂದಿದ್ದೆರಿ.”

“ಎಲ್ಲಾರಿಗೂ ಹಂಗ ಅಂತೀವಿ. ಇಲ್ಲಾಂದ್ರ ಬ್ಯಾರೆ ಆಸ್ಪತ್ರಿಗೆ ಹೋಗ್ತಾರ. ಹೋಗು, ಹಾಕು.”

ಅವಳು ಕೌಂಟರಿಗೆ ಬಂದು ಕೂತಳು. ಹೊರಗೆ ಮರ್ದಾನಸಾಬ ಗಾಡಿಯ ಸ್ಟ್ರೆಚರ್ ತೊಳೆಯುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ಗಾಡಿ ಓಡಿಸುತ್ತಿದ್ದ ಮನುಷ್ಯ. ಸುರೇಖಾ ನಡೆದದ್ದನ್ನೂ ಮ್ಯಾನೇಜರ್ ಹೇಳಿದ್ದನ್ನೂ ಆ್ಯಪಿನಲ್ಲಿ ಬರೆದಳು. ‘ಡ್ರೈವರನ ತಪ್ಪಿಲ್ಲದಿದ್ದರೆ ಹಾಗೆ ಬರೆಯಲು ನಾನು ನೆರವಾಗುವುದಿಲ್ಲ’ ಎಂದಿತು ಅದು. ‘ತಪ್ಪು ಮಾಹಿತಿ ಕೊಟ್ಟದ್ದೇ ನಿಜವಾದರೆ ಒಪ್ಪಿಕೊಳ್ಳಬೇಕಾದದ್ದು ಅದನ್ನೇ. ಆಸ್ಪತ್ರೆಯ ಹೆಸರಿನಲ್ಲಿ ಒಪ್ಪುವ ಮೊದಲು ಹೊಣೆ ಇರುವವರ ಒಪ್ಪಿಗೆ ಬೇಕು, ಕಾನೂನಿನ ಸಲಹೆಯೂ ಬೇಕಾಗಬಹುದು. ಕುಟುಂಬಕ್ಕೆ ಮೊದಲು ನೇರವಾಗಿ ಹೇಳುವುದು ಒಳ್ಳೆಯದು.’

ಒಪ್ಪಿಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಲ್ ಲಿಸ್ಟಿನಿಂದ ನಂಬರು ತೆಗೆದು ಗಾಳೇಶನಿಗೆ ಫೋನ್ ಹಚ್ಚಿದಳು.

“ಅಣ್ಣಾರ, ಡ್ರೈವರದು ತಪ್ಪಿಲ್ರಿ. ನೀವು ಫೋನ್ ಮಾಡಿದಾಗ ಗಾಡಿ ಇಲ್ಲಿರಲಿಲ್ಲ. ಹೊಂಟೈತಿ ಅಂತ ಸುಳ್ಳು ಹೇಳಿದಾಕಿ ನಾನು.”



“ನಮ್ಮೂರ ಹೊನ್ನೂರಪ್ಪನ ಟಂಟಂ ಆಟೋ ಬಾಗಲಾಗ ನಿಂತಿತ್ತು,” ಎಂದ ಗಾಳೇಶ. “ತಂಗಿ ಅನುಷಾನ್ನ ಎತ್ತಿ ಕುಂದ್ರಸಾಕ ಹತ್ತಿದ್ವಿ. ದವಾಖಾನಿ ಗಾಡಿ ಬರಾಕ ಹತ್ತೈತಿ, ಅದರಾಗ ಆಕ್ಸಿಜನ್ ಇರತೈತಿ ಅಂತ ನಾನ ಅವನ್ನ ವಾಪಸ್ ಕಳಿಸಿದೆ. ನೀ ಗಾಡಿ ಇಲ್ಲ ಅಂದಿದ್ರ ನಾ ಅದರಾಗ ಹೋಗ್ತಿದ್ನಲ್ಲಬೇ ತಾಯಿ.”

ಫೋನು ಕಟ್ಟಾಯಿತು.

ಅವಳು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಬಂದು ಉತ್ತರವನ್ನು ತಾನೇ ಬರೆದಳು. ‘ವಿಷಾದಿಸುತ್ತೇವೆ’ ಎಂಬ ಮಾತು ಬರೆದು ಅಳಿಸಿದಳು, ಅದು ಮಳೆಗೆ ಬಸ್ಸು ತಡವಾದಾಗ ಹೇಳುವ ಮಾತಿನಂತೆ ಕಂಡಿತು. ಕೊನೆಗೆ ಉಳಿದದ್ದು ಇಷ್ಟು: ‘ಆಂಬುಲೆನ್ಸ್ ಹೊರಟಿದೆ ಎಂದು ನಮ್ಮ ಕೌಂಟರಿನಿಂದ ಹೇಳಿದ್ದು ಸುಳ್ಳು. ಡ್ರೈವರನ ತಪ್ಪಿಲ್ಲ. ತಪ್ಪು ನಮ್ಮದು.’ ತಂಗಿಯ ಬಗ್ಗೆ, ಕೂಸಿನ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ‘ಪೋಸ್ಟ್’ ಒತ್ತಿದಳು.

ಊಟದ ಹೊತ್ತಿಗೆ ಶಾಂತಕುಮಾರ ಅದನ್ನು ಅಳಿಸಿ, ‘ನಿಮಗಾದ ಅನನುಕೂಲಕ್ಕೆ ವಿಷಾದವಿದೆ’ ಎಂದು ಹಾಕಿದ್ದ. ಅವಳ ಮೊಬೈಲಿನಿಂದ ಆಸ್ಪತ್ರೆಯ ಗೂಗಲ್ ಅಕೌಂಟೂ ಹೋಗಿತ್ತು. “ನಾಳೆಯಿಂದ ಬರಬ್ಯಾಡ,” ಎಂದ, ಮುಖ ನೋಡದೆ. ಡ್ರೈವರನ ಸುದ್ದಿ ಮಾತ್ರ ಎತ್ತಲಿಲ್ಲ. ಆ ಮೂರು ಸಾಲನ್ನು ಅಷ್ಟರಲ್ಲಿ ಓದುವವರು ಓದಿಬಿಟ್ಟಿದ್ದರು, ಇನ್ನು ಮರ್ದಾನಸಾಬನ ಮೇಲೆ ಹೊರಿಸುವಂತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳು ರಿವ್ಯೂ ತೆರೆದಳು. ಗಾಳೇಶ ತಿದ್ದಿದ್ದ. ಚಹಾದ ಮಾತು ಹೋಗಿತ್ತು. ಆ ಜಾಗದಲ್ಲಿ ಹೊಸ ಸಾಲಿತ್ತು: ‘ಫೋನ್ ಎತ್ತಿದ ಹೆಣ್ಣುಮಗಳು ಸುಳ್ಳು ಹೇಳಿದಳು. ನಾನು ನಂಬಿದೆ.’